ಯೂಸ್ ಆಫ್ ಫಂಡ್ಸ್ ಸ್ಲೈಡ್: ಹೂಡಿಕೆದಾರರು ನಂಬುವ ಹಾಗೆ ಹಣದ ಲೆಕ್ಕ ತೋರಿಸುವುದು ಹೇಗೆ?

ಹೂಡಿಕೆದಾರರಿಗೆ ತೋರಿಸುವ ಪಿಚ್ ಡೆಕ್‌ನಲ್ಲಿ ಎಲ್ಲರೂ ಕೊನೇ ಗಳಿಗೆಯಲ್ಲಿ, ತರಾತುರಿಯಲ್ಲಿ ಮಾಡುವ ಸ್ಲೈಡ್ ಒಂದಿದೆ. ಒಂದು ದುಂಡನೆ ಚಾರ್ಟ್, ಅದಕ್ಕೆ ನಾಲ್ಕು ಬಣ್ಣ. ಪ್ರಾಡಕ್ಟ್‌ಗೆ 40%, ಮಾರ್ಕೆಟಿಂಗ್‌ಗೆ 30%, ಸಿಬ್ಬಂದಿಗೆ 20%, ಇತರೆ 10%. ನಮ್ಮ ಹಣವನ್ನು ಏನು ಮಾಡುತ್ತೀರಿ ಅನ್ನುವ ಪ್ರಶ್ನೆಗೆ ಇದೇ ಉತ್ತರವಂತೆ! ಈ ಚಾರ್ಟನ್ನು ಕಿತ್ತು ಬೇರೆ ಕಂಪನಿಯ ಡೆಕ್‌ಗೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಈ ಸ್ಲೈಡ್ ನೋಡುವ ಹೂಡಿಕೆದಾರರಿಗೆ ಬಣ್ಣದ ಪಾಲು ಬೇಕಿಲ್ಲ. ಅವರು ಮೂರು ವಿಷಯ ಹುಡುಕುತ್ತಾರೆ. ಇಷ್ಟೇ ಹಣ ಯಾಕೆ, ಈ ಅಂಕಿ ಲೆಕ್ಕದಿಂದ ಬಂದದ್ದೋ ಬಾಯಿಗೆ ಬಂದದ್ದೋ? ಈ ಹಣ ಎಷ್ಟು ತಿಂಗಳು ಬರುತ್ತದೆ? ಅದು ಮುಗಿಯುವ ಹೊತ್ತಿಗೆ ಹಣ ಎತ್ತುವ ಮುಂದಿನ ರೌಂಡ್‌ಗೆ ಹೋಗುವಂಥ ಏನನ್ನು ಈ ಕಂಪನಿ ಸಾಧಿಸಿರುತ್ತದೆ? ಈ ಮೂರಕ್ಕೂ ಉತ್ತರ ಸಿಕ್ಕರೆ ಸ್ಲೈಡ್ ನಂಬುವ ಹಾಗಿರುತ್ತದೆ. ವಿನ್ಯಾಸ ಎಷ್ಟೇ ಚೆಂದ ಇದ್ದರೂ ಉತ್ತರ ಇಲ್ಲದಿದ್ದರೆ ಎರಡನೇ ಪ್ರಶ್ನೆಗೇ ಕುಸಿಯುತ್ತದೆ.

ಹಾಗಾಗಿ ಈ ಕೆಲಸ ಶುರುವಾಗುವುದು ಎಕ್ಸೆಲ್ ಶೀಟಿನಲ್ಲಿ. ಸ್ಲೈಡ್ ಅದರಿಂದ ಕೊನೆಗೆ ಇಳಿಸಿಕೊಳ್ಳುವ ಸಾರ. ಇಡೀ ದಾರಿಯನ್ನು ಒಂದು ಉದಾಹರಣೆ ಹಿಡಿದೇ ನೋಡೋಣ.

## ಉದಾಹರಣೆಯ ಕಂಪನಿ

ಲಿಫ್ಟ್ ರಿಪೇರಿ ಮತ್ತು ನಿರ್ವಹಣೆ ಮಾಡುವ ಗುತ್ತಿಗೆದಾರರಿಗೆ ಸಾಫ್ಟ್‌ವೇರ್ ಮಾರುವ ಒಂದು ಸಣ್ಣ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಯಾವ ಕಟ್ಟಡಕ್ಕೆ ಯಾವ ಮೆಕ್ಯಾನಿಕ್ ಹೋಗಬೇಕು, ಹಿಂದಿನ ಸಲ ಯಾವ ಭಾಗ ಬದಲಾಯಿಸಿದ್ದರು ಎಂಬುದೆಲ್ಲ ಇದರಲ್ಲಿ ದಾಖಲಾಗುತ್ತದೆ. ಹಣ ಕೊಡುವ ಗ್ರಾಹಕರು 25. ಒಬ್ಬೊಬ್ಬರಿಂದ ತಿಂಗಳಿಗೆ 14,000. ಅಂದರೆ ತಿಂಗಳ ಆದಾಯ 3.5 ಲಕ್ಷ. ಕರೆನ್ಸಿ ಯಾವುದಾದರೂ ಇರಲಿ, ಲೆಕ್ಕವೆಲ್ಲ ಲಕ್ಷದಲ್ಲಿ ಇಡೋಣ.

ಒಟ್ಟು ಆರು ಜನ: ಇಬ್ಬರು ಫೌಂಡರ್‌ಗಳು, ಇಬ್ಬರು ಎಂಜಿನಿಯರ್‌ಗಳು, ಹೊಸ ಗ್ರಾಹಕರಿಗೆ ಸಿಸ್ಟಮ್ ಹಾಕಿಕೊಡುವವರು ಒಬ್ಬರು, ಸಪೋರ್ಟ್ ನೋಡುವವರು ಒಬ್ಬರು. ಮಾರಾಟವೆಲ್ಲ ಫೌಂಡರ್‌ಗಳದ್ದೇ. ಸಂಬಳಕ್ಕೆ 7 ಲಕ್ಷ, ಸರ್ವರ್ ಮತ್ತು ಟೂಲ್‌ಗಳಿಗೆ 1 ಲಕ್ಷ, ಆಫೀಸು, ಅಕೌಂಟೆಂಟ್, ಇತ್ಯಾದಿಗೆ 1.5 ಲಕ್ಷ. ತಿಂಗಳ ಖರ್ಚು 9.5 ಲಕ್ಷ. ಆದಾಯ ಕಳೆದರೆ ತಿಂಗಳಿಗೆ 6 ಲಕ್ಷ ಕೈಯಿಂದ ಹೋಗುತ್ತಿದೆ.

## ಹಂತ 1: ಗುರಿಯಿಂದ ಹಿಂದಕ್ಕೆ ಬನ್ನಿ

ಎಷ್ಟು ಹಣ ಕೇಳೋಣ ಅನ್ನುವುದು ಮೊದಲ ಪ್ರಶ್ನೆ ಆಗಬಾರದು. ಮುಂದಿನ ರೌಂಡ್‌ನಲ್ಲಿ ಬರುವ ಹೂಡಿಕೆದಾರರು ಏನು ನೋಡಿದರೆ ಒಪ್ಪುತ್ತಾರೆ? ಅದನ್ನು ಮೊದಲು ಬರೆದುಕೊಳ್ಳಿ. ನಮ್ಮ ಕಂಪನಿಯ ವಿಷಯದಲ್ಲಿ ದೊಡ್ಡ ಅನುಮಾನ ಒಂದೇ: ಫೌಂಡರ್‌ಗಳು ಮಾರುತ್ತಾರೆ ಸರಿ, ಅವರು ಪಕ್ಕಕ್ಕೆ ನಿಂತರೆ ಇದು ಮಾರಾಟ ಆಗುತ್ತದಾ? ಅದನ್ನು ಸಾಬೀತು ಮಾಡುವುದೇ ಈ ರೌಂಡಿನ ಕೆಲಸ. ಆದ್ದರಿಂದ ಗುರಿಯನ್ನು ಹೀಗೆ ಬರೆಯಬಹುದು: 15ನೇ ತಿಂಗಳಿಗೆ 70 ಗ್ರಾಹಕರು, ಹೊಸಬರನ್ನೆಲ್ಲ ತಂದವರು ಸಂಬಳಕ್ಕಿರುವ ಮಾರಾಟಗಾರರು.

ಹಣ 18 ತಿಂಗಳಿಗೆ ಇಟ್ಟುಕೊಂಡು ಗುರಿಯನ್ನು 15ಕ್ಕೆ ಇಟ್ಟದ್ದು ಬೇಕೆಂದೇ. ಮುಂದಿನ ರೌಂಡ್ ಮಾತುಕತೆ ಶುರುವಾಗಿ ಹಣ ಬ್ಯಾಂಕಿಗೆ ಬೀಳುವ ತನಕ ಮೂರರಿಂದ ಆರು ತಿಂಗಳು ಹಿಡಿಯುವುದು ಮಾಮೂಲು. ಗುರಿಯೂ ಹಣವೂ ಒಂದೇ ತಿಂಗಳಲ್ಲಿ ಮುಗಿಯುವ ಪ್ಲಾನ್ ತಂದರೆ, ಅನುಭವ ಇರುವ ಹೂಡಿಕೆದಾರರು ಮೊದಲು ಹಿಡಿಯುವುದೇ ಅದನ್ನು.

'ಬ್ರ್ಯಾಂಡ್ ಬೆಳೆಸುವುದು', 'ಪ್ರಾಡಕ್ಟ್ ಬಲಪಡಿಸುವುದು' ಇಂಥವು ಗುರಿ ಅಲ್ಲ. ಆ ತಿಂಗಳು ಬಂದಾಗ ಆಯಿತು ಅಥವಾ ಆಗಲಿಲ್ಲ ಎಂದು ಮೂರನೆಯವರು ನೋಡಿ ಹೇಳುವ ಹಾಗಿದ್ದರೆ ಮಾತ್ರ ಗುರಿ.

## ಹಂತ 2: ಜನರ ಪಟ್ಟಿ, ತಿಂಗಳ ಪ್ರಕಾರ

ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಣದ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಹಾಗಾಗಿ ಈ ಪಟ್ಟಿ ಸರಿಯಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಒಂದು ಶೀಟ್ ತೆರೆದು A ಕಾಲಂನಲ್ಲಿ ಹುದ್ದೆ, B ನಲ್ಲಿ ಎಷ್ಟು ಜನ, C ನಲ್ಲಿ ಯಾವ ತಿಂಗಳು ಕೆಲಸಕ್ಕೆ ಸೇರುತ್ತಾರೆ, D ನಲ್ಲಿ ಒಬ್ಬರಿಗೆ ತಿಂಗಳ ಖರ್ಚು ಹಾಕಿ. E ನಿಂದ ಮುಂದಕ್ಕೆ ಮೊದಲ ಸಾಲಿನಲ್ಲಿ 1ರಿಂದ 18ರವರೆಗೆ ತಿಂಗಳುಗಳು. ಐದನೇ ಸಾಲಿನಲ್ಲಿ ಒಂದು ಹುದ್ದೆ ಇದೆ ಅಂದುಕೊಳ್ಳಿ. E5 ಗೆ ಈ ಸೂತ್ರ ಹಾಕಿ ಬಲಕ್ಕೂ ಕೆಳಕ್ಕೂ ಎಳೆದರೆ ಆಯಿತು:

```
=IF(E$1>=$C5,$B5*$D5,0)
```

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, D ಕಾಲಂನಲ್ಲಿ ಕೈಗೆ ಬರುವ ಸಂಬಳ ಹಾಕಿಬಿಡುವುದು. ಕಂಪನಿಗೆ ಬೀಳುವ ಒಟ್ಟು ಖರ್ಚು ಹಾಕಬೇಕು. ನಿವೃತ್ತಿ ನಿಧಿಗೆ ಕಂಪನಿ ಕಟ್ಟುವ ಪಾಲು, ವಿಮೆ, ಮಾರಾಟಗಾರರಾದರೆ ಕಮಿಷನ್, ಎಲ್ಲ ಅದರಲ್ಲೇ ಸೇರಬೇಕು. ಎರಡು, ಎಲ್ಲರೂ ಮೊದಲ ತಿಂಗಳೇ ಸೇರುತ್ತಾರೆ ಎಂದು ಹಾಕುವುದು. ಜಾಹೀರಾತು ಹಾಕಿ, ಇಂಟರ್‌ವ್ಯೂ ಮಾಡಿ, ಅವರು ಹಳೇ ಕಂಪನಿಯ ನೋಟಿಸ್ ಮುಗಿಸಿ ಬರುವ ತನಕ ಎರಡು ಮೂರು ತಿಂಗಳು ಸುಮ್ನೆ ಹೋಗುತ್ತದೆ. ಆರು ಜನರ ಕಂಪನಿಗೆ ಒಂದೇ ತಿಂಗಳಲ್ಲಿ ಏಳು ಜನ ಸೇರುತ್ತಾರೆ ಎಂದು ಬರೆದಿದ್ದರೆ, ಇವರು ಜನರನ್ನು ನೇಮಿಸಿದ ಅನುಭವವೇ ಇಲ್ಲ ಎಂದು ಓದುವವರಿಗೆ ತಿಳಿಯುತ್ತದೆ.

ನಮ್ಮ ಕಂಪನಿಯ ಪಟ್ಟಿ ಹೀಗೆ ಬಂತು. ಇಬ್ಬರು ಮಾರಾಟಗಾರರು 2ನೇ ತಿಂಗಳಿಂದ, ತಲಾ 1 ಲಕ್ಷ: 17 ತಿಂಗಳಿಗೆ 34 ಲಕ್ಷ. ಅವರಿಬ್ಬರೊಂದಿಗೆ ಮಾತು ಆಗಲೇ ಮುಗಿದಿದೆ, ಅದಕ್ಕೇ ಇಷ್ಟು ಬೇಗ. ಇಬ್ಬರು ಎಂಜಿನಿಯರ್‌ಗಳು 4ನೇ ತಿಂಗಳಿಂದ, ತಲಾ 1.5 ಲಕ್ಷ: 45 ಲಕ್ಷ. ಸಿಸ್ಟಮ್ ಹಾಕಿಕೊಡಲು ಇನ್ನೊಬ್ಬರು 4ನೇ ತಿಂಗಳಿಂದ, 80,000ದಂತೆ 12 ಲಕ್ಷ. ಮೂರನೇ ಮಾರಾಟಗಾರ 8ನೇ ತಿಂಗಳಿಂದ: 11 ಲಕ್ಷ. ಸಪೋರ್ಟ್‌ಗೆ ಇನ್ನೊಬ್ಬರು 9ನೇ ತಿಂಗಳಿಂದ, 80,000ದಂತೆ 8 ಲಕ್ಷ. ಹೊಸಬರ ಒಟ್ಟು 110 ಲಕ್ಷ. ಈಗಿರುವ ಆರು ಜನಕ್ಕೆ 18 ತಿಂಗಳಿಗೆ 126 ಲಕ್ಷ.

## ಹಂತ 3: ಈ ಜನರಿಂದ ಆ ಗುರಿ ಮುಟ್ಟಲು ಆಗುತ್ತದಾ?

ಬಹಳ ಡೆಕ್‌ಗಳಲ್ಲಿ ಇಲ್ಲದೇ ಇರುವ ಹಂತ ಇದು. ಖರ್ಚು ಒಂದು ಕಡೆ, ಗುರಿ ಇನ್ನೊಂದು ಕಡೆ, ಮಧ್ಯೆ ಸೇತುವೆಯೇ ಇರುವುದಿಲ್ಲ. ಮಾರಾಟಗಾರರಿಗೆ ದುಡ್ಡು ಹಾಕಿದರೆ ಗ್ರಾಹಕರು ಬರುತ್ತಾರೆ ಅನ್ನುವುದು ಆಸೆ. ಎಷ್ಟು ಮಾರಾಟಗಾರರು, ಯಾವಾಗಿಂದ, ತಿಂಗಳಿಗೆ ಎಷ್ಟು ಗ್ರಾಹಕರನ್ನು ತರುತ್ತಾರೆ ಅನ್ನುವುದು ಲೆಕ್ಕ.

ಫೌಂಡರ್‌ಗಳು ಈಗ ತಿಂಗಳಿಗೆ ಸುಮಾರು ಮೂರು ಗ್ರಾಹಕರನ್ನು ತರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹೊರಗಿಂದ ಬಂದವರು ಅಷ್ಟು ಮಾರಲಾರರು, ಎರಡು ಎಂದು ಹಿಡಿಯೋಣ. ಮೊದಲ ಮೂರು ತಿಂಗಳು ಕಲಿಯುವುದರಲ್ಲೇ ಹೋಗುತ್ತದೆ, ಆಗ ಸೊನ್ನೆ. 2ನೇ ತಿಂಗಳಲ್ಲಿ ಸೇರಿದ ಇಬ್ಬರು 5ರಿಂದ 15ರವರೆಗೆ, ಅಂದರೆ 11 ತಿಂಗಳು, ತಲಾ ಎರಡರಂತೆ 44 ಗ್ರಾಹಕರನ್ನು ತರುತ್ತಾರೆ. 8ನೇ ತಿಂಗಳಲ್ಲಿ ಬಂದವರು 11ರಿಂದ 15ರವರೆಗೆ ಹತ್ತು. ಒಟ್ಟು 54. ಇಷ್ಟರಲ್ಲಿ ಒಂದು ಆರು ಗ್ರಾಹಕರು ಬಿಟ್ಟುಹೋದರು ಅನ್ನೋಣ. 25ಕ್ಕೆ 54 ಸೇರಿಸಿ 6 ಕಳೆದರೆ 73. ಸ್ಲೈಡಿನಲ್ಲಿ ಹೇಳಿದ್ದು 70. ಲೆಕ್ಕ ಕೂಡಿಬಂತು. ಮಾತು ಕೊಟ್ಟದ್ದು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇದೆ.

ಅದೇ ಗುರಿ 150 ಎಂದು ಬರೆದಿದ್ದರೆ? ಇದೇ ಲೆಕ್ಕ ಹಾಕಿ ನೋಡುವ ಯಾರಿಗಾದರೂ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತೀರಿ. ಆಗ ಅವರು ಸ್ಲೈಡಿನ ಬೇರೆ ಅಂಕಿಗಳನ್ನೂ ನಂಬುವುದಿಲ್ಲ.

ಎಂಜಿನಿಯರ್‌ಗಳಿಗೂ ಹೀಗೇ ಒಂದು ಕೊಂಡಿ ಬೇಕು. ಇಬ್ಬರು ಹೊಸಬರು ಬಂದು ಏನು ಮಾಡುತ್ತಾರೆ? ನಮ್ಮ ಕಂಪನಿಯಲ್ಲಿ ಗ್ರಾಹಕರು ಪದೇ ಪದೇ ಕೇಳುತ್ತಿರುವುದು ಬಿಡಿಭಾಗಗಳ ದಾಸ್ತಾನು ನೋಡಿಕೊಳ್ಳುವ ಸೌಲಭ್ಯ. ಅದು ಇಲ್ಲ ಎಂದೇ ಕೆಲವರು ಕೊಳ್ಳದೆ ಹೋಗುತ್ತಿದ್ದಾರೆ. ಹಾಗಾದರೆ '9ನೇ ತಿಂಗಳಿಗೆ 10 ಗ್ರಾಹಕರು ದಾಸ್ತಾನು ಭಾಗವನ್ನು ದಿನಾ ಬಳಸುತ್ತಿರುತ್ತಾರೆ' ಎಂದು ಬರೆಯಿರಿ. ಕೋಡ್ ಮುಗಿಯುವ ತಾರೀಕು ಹೂಡಿಕೆದಾರರಿಗೆ ಅಷ್ಟು ಮುಖ್ಯ ಅಲ್ಲ. ಬಳಕೆ ಮುಖ್ಯ.

## ಹಂತ 4: ಉಳಿದ ಖರ್ಚು, ಆದಾಯ, ಮೀಸಲು

ಉಳಿದ ಖರ್ಚು ಬೇಗ ಮುಗಿಯುತ್ತದೆ. 4ನೇ ತಿಂಗಳಿಂದ ಮಾರ್ಕೆಟಿಂಗ್‌ಗೆ ತಿಂಗಳಿಗೆ 2 ಲಕ್ಷ, ಒಟ್ಟು 30. ಸರ್ವರ್ ಮತ್ತು ಟೂಲ್‌ಗಳು 1 ಲಕ್ಷದಿಂದ 2ಕ್ಕೆ ಏರುತ್ತವೆ, ಸರಾಸರಿ 1.5ರಂತೆ 27. ಆಫೀಸು ಇತ್ಯಾದಿ 27. ಒಂದೇ ಸಲ ಬರುವ ಖರ್ಚುಗಳಾದ ರೌಂಡಿನ ವಕೀಲರ ಫೀಸು, ನೇಮಕಾತಿ ಏಜೆನ್ಸಿಯ ಫೀಸು, ಲ್ಯಾಪ್‌ಟಾಪ್‌ಗಳಿಗೆ 15. ವಕೀಲರ ಫೀಸನ್ನು ಮರೆಯುವವರೇ ಜಾಸ್ತಿ. ರೌಂಡ್ 300 ಎಂದರೆ ಬ್ಯಾಂಕಿನಲ್ಲಿ ಬಳಕೆಗೆ ಸಿಗುವುದು 300 ಅಲ್ಲ. ಸಂಬಳದ 110 ಮತ್ತು 126ನ್ನು ಕೂಡಿದರೆ 18 ತಿಂಗಳ ಒಟ್ಟು ಖರ್ಚು 335 ಲಕ್ಷ.

ಈಗ ಆದಾಯ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿಯೇ ಇದೆ: ಕೇಳುವ ಮೊತ್ತವನ್ನು ಲೆಕ್ಕ ಹಾಕುವಾಗ ಈಗ ಬರುತ್ತಿರುವ ಆದಾಯವನ್ನು ಮಾತ್ರ ಹಿಡಿಯಿರಿ, ಮುಂದೆ ಬರಬಹುದಾದ್ದನ್ನು ಬಿಡಿ. ತಿಂಗಳಿಗೆ 3.5ರಂತೆ 18 ತಿಂಗಳಿಗೆ 63 ಲಕ್ಷ. 335ರಲ್ಲಿ 63 ಕಳೆದರೆ 272. ಅದರ ಸುಮಾರು ಹತ್ತನೇ ಒಂದು ಭಾಗ, 28 ಲಕ್ಷ, ಮೀಸಲು. ಒಟ್ಟು 300. ಕೇಳುವ ಅಂಕಿ ಹುಟ್ಟಿದ್ದು ಹೀಗೆ.

ಹೊಸ ಗ್ರಾಹಕರ ಹಣವನ್ನು ಪೂರ್ತಿ ಬಿಟ್ಟದ್ದು ಯಾಕೆ ಅಂದರೆ, ಮಾರಾಟ ತಡವಾದರೆ ಆದಾಯವೂ ತಡ, ಗುರಿಯೂ ತಡ. ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಪ್ಲಾನ್ ನಿಂತಿರುವುದೇ ಆ ಆದಾಯದ ಮೇಲೆ ಅಂದರೆ, ಹಣ ಬೇಕಾದ ದಿನವೇ ಇರುವುದಿಲ್ಲ. ಹಾಗಂತ ಅದನ್ನು ಹೇಳದೆ ಬಿಡಬೇಡಿ. ಹಂತ 3ರ ಪ್ರಕಾರವೇ ಮಾರಾಟ ನಡೆದರೆ, ಬಿಟ್ಟುಹೋಗುವವರನ್ನು, ತಡವಾಗಿ ಹಣ ಕಟ್ಟುವವರನ್ನು ಕಳೆದ ಮೇಲೂ 18 ತಿಂಗಳಲ್ಲಿ ಸುಮಾರು 50 ಲಕ್ಷ ಹೆಚ್ಚುವರಿ ಬರುತ್ತದೆ. ಆ ಹೊತ್ತಿಗೆ ಆದಾಯವೂ ಏರಿರುವುದರಿಂದ ಅದು ಇನ್ನೂ ಐದಾರು ತಿಂಗಳು ಕಂಪನಿಯನ್ನು ನಡೆಸುತ್ತದೆ. ಸ್ಲೈಡಿನ ಕೆಳಗೆ ಒಂದೇ ಸಾಲು: 'ಹೊಸ ಆದಾಯ ಇಲ್ಲದೆಯೂ 18 ತಿಂಗಳು, ಪ್ಲಾನ್ ಪ್ರಕಾರ ಮಾರಾಟವಾದರೆ ಸುಮಾರು ಎರಡು ವರ್ಷ.'

ರನ್‌ವೇ, ಅಂದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕದಲ್ಲಿ ಆಗುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. 300 ಲಕ್ಷವನ್ನು ಈಗಿನ 6 ಲಕ್ಷದಿಂದ ಭಾಗಿಸಿ 50 ತಿಂಗಳು ಅನ್ನುವವರಿದ್ದಾರೆ. ಜನ ಸೇರಿದ ಮೇಲೆ 18ನೇ ತಿಂಗಳಲ್ಲಿ ಖರ್ಚು 20 ಲಕ್ಷ ಮುಟ್ಟಿರುತ್ತದೆ. ಹೊಸ ಆದಾಯ ಏನೂ ಬರದಿದ್ದರೆ ಆ 28 ಲಕ್ಷದ ಮೀಸಲು ಎರಡು ತಿಂಗಳಿಗೂ ಸಾಲದು. ಆದ್ದರಿಂದ ರನ್‌ವೇಯನ್ನು ಭಾಗಾಕಾರದಿಂದ ತೆಗೆಯಬೇಡಿ. ಶೀಟಿನಲ್ಲಿ ಪ್ರತಿ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಸಾಲು ಇರಲಿ. ಅದು ಸೊನ್ನೆ ಮುಟ್ಟುವ ತಿಂಗಳೇ ನಿಜವಾದ ರನ್‌ವೇ.

ಮೀಸಲಿಗೆ ಮೀಸಲು ಎಂದೇ ಹೆಸರಿಡಿ. 'ಇತರೆ' ಬೇಡ. ಷೇರು ಪೇಟೆಗೆ ಬರುವ ಕಂಪನಿಗಳಿಗೂ ಈ ವಿಷಯದಲ್ಲಿ ಕಟ್ಟುಪಾಡು ಇದೆ. ಅಮೆರಿಕದಲ್ಲಿ ರೆಗ್ಯುಲೇಷನ್ ಎಸ್-ಕೆಯ ಐಟಂ 504ರ ಪ್ರಕಾರ, ಬಂದ ಹಣದ ಮುಖ್ಯ ಉದ್ದೇಶಗಳನ್ನೂ ಪ್ರತಿಯೊಂದಕ್ಕೂ ಅಂದಾಜು ಮೊತ್ತವನ್ನೂ ಹೇಳಬೇಕು. ನಿರ್ದಿಷ್ಟ ಪ್ಲಾನ್ ಇಲ್ಲದಿದ್ದರೆ ಇಲ್ಲ ಎಂದೇ ಬರೆದು, ಹಾಗಾದರೆ ಹಣ ಎತ್ತುತ್ತಿರುವುದು ಯಾಕೆ ಎಂದು ಹೇಳಬೇಕು. ಭಾರತದಲ್ಲಿ ಸೆಬಿ ನಿಯಮದಂತೆ 'ಸಾಮಾನ್ಯ ಕಾರ್ಪೊರೇಟ್ ಉದ್ದೇಶ' ಎಂಬ ಹೆಸರಿನಲ್ಲಿ ಇಡುವ ಭಾಗ ಎತ್ತುವ ಮೊತ್ತದ 25% ಮೀರುವಂತಿಲ್ಲ. ಸಣ್ಣ ಕಂಪನಿಯ ಪಿಚ್ ಡೆಕ್‌ಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ಹೆಸರಿಲ್ಲದ ಖರ್ಚನ್ನು ಹಣ ಹಾಕುವವರು ಎಲ್ಲ ಕಡೆ ಅನುಮಾನದಿಂದಲೇ ನೋಡುತ್ತಾರೆ ಅನ್ನುವುದಕ್ಕೆ ಇವು ಸಾಕ್ಷಿ.

## ಹಂತ 5: ಗುಂಪು ಮಾಡುವುದು

ಶೀಟಿನಲ್ಲಿ ಹದಿನೈದಿಪ್ಪತ್ತು ಸಾಲು ಇರುತ್ತವೆ. ಸ್ಲೈಡಿಗೆ ಆರು ಸಾಕು. ಹೇಗೆ ಗುಂಪು ಮಾಡುತ್ತೀರಿ ಎಂಬುದರಲ್ಲೇ ಅರ್ಧ ಮನವರಿಕೆ ಇದೆ. 'ಸಂಬಳ', 'ಸಾಫ್ಟ್‌ವೇರ್', 'ಬಾಡಿಗೆ' ಎಂದು ಅಕೌಂಟೆಂಟ್ ಪುಸ್ತಕದ ಹಾಗೆ ಬರೆದರೆ ಸಂಬಳವೇ ಎಲ್ಲವನ್ನೂ ನುಂಗಿಬಿಡುತ್ತದೆ, ಏನೂ ತಿಳಿಯುವುದಿಲ್ಲ. ಯಾವ ಫಲಿತಾಂಶಕ್ಕಾಗಿ ಖರ್ಚಾಗುತ್ತಿದೆ ಎಂಬುದರ ಮೇಲೆ ಗುಂಪು ಮಾಡಿ.

| ಯಾವುದಕ್ಕೆ | ಲಕ್ಷ | ಏನು ಸಿಗುತ್ತದೆ |
|---|---|---|
| ಮಾರಾಟ ತಂಡ (3 ಜನ) ಮತ್ತು ಮಾರ್ಕೆಟಿಂಗ್ | 75 | 15ನೇ ತಿಂಗಳಿಗೆ 70 ಗ್ರಾಹಕರು |
| ದಾಸ್ತಾನು ಭಾಗ (2 ಎಂಜಿನಿಯರ್‌ಗಳು) | 45 | 9ನೇ ತಿಂಗಳಿಗೆ 10 ಗ್ರಾಹಕರ ದಿನಬಳಕೆ |
| ಸಿಸ್ಟಮ್ ಹಾಕಿಕೊಡುವುದು, ಸಪೋರ್ಟ್ (2 ಜನ) | 20 | ತಿಂಗಳಿಗೆ 6 ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವ ಶಕ್ತಿ |
| ಈಗಿನ ತಂಡ ಮತ್ತು ಆಫೀಸು (ಈಗಿನ ಆದಾಯ ಕಳೆದು) | 117 | 18 ತಿಂಗಳ ನಡೆ |
| ಒಂದೇ ಸಲದ ಖರ್ಚು | 15 | ರೌಂಡ್, ನೇಮಕಾತಿ, ಉಪಕರಣ |
| ಮೀಸಲು | 28 | ಮಾರಾಟ ತಡವಾದರೆ |

117 ಎಲ್ಲಿಂದ ಬಂತು ಅಂದರೆ, ಈಗಿನ ತಂಡದ 126, ಸರ್ವರ್ 27, ಆಫೀಸು 27 ಸೇರಿ 180, ಅದರಲ್ಲಿ ಆದಾಯದ 63 ಕಳೆದದ್ದು.

ಈ ಸಾಲನ್ನು ನೋಡಿದ ಕೂಡಲೇ ಫೌಂಡರ್‌ಗಳಿಗೆ ಮುಜುಗರ. ಎತ್ತಿದ ಹಣದ 39% ಇರುವುದನ್ನು ನಡೆಸಲಿಕ್ಕೇ ಹೋಗುತ್ತದೆ ಎಂದು ಬರೆಯುವುದಾ? ಅದನ್ನು ಮುಚ್ಚಿ, ಹಳೇ ಎಂಜಿನಿಯರ್‌ಗಳ ಸಂಬಳವನ್ನು 'ಪ್ರಾಡಕ್ಟ್'ಗೆ, ಫೌಂಡರ್ ಸಂಬಳವನ್ನು 'ಮಾರಾಟ'ಕ್ಕೆ ಹಂಚಿಬಿಡುತ್ತಾರೆ. ಚಾರ್ಟ್ ಚೆಂದ ಕಾಣುತ್ತದೆ, ನಿಜ. ಆದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: 'ಇದರಲ್ಲಿ ಹೊಸದು ಎಷ್ಟು?' ಆಗ ಎಲ್ಲವನ್ನೂ ಬಿಚ್ಚಬೇಕು. ಮೊದಲೇ ಬೇರೆ ಇಟ್ಟಿದ್ದರೆ ಉತ್ತರ ಕೈಯಲ್ಲೇ ಇರುತ್ತದೆ: ಮೊದಲ ಮೂರು ಸಾಲು ಸೇರಿ 140 ಲಕ್ಷ ಹೊಸ ಕೆಲಸಕ್ಕೆ, 117 ಇರುವುದನ್ನು ನಡೆಸಲು. ಹಳೇ ಎಂಜಿನಿಯರ್‌ಗಳೂ ಪ್ರಾಡಕ್ಟ್ ಕೆಲಸವನ್ನೇ ಮಾಡುತ್ತಾರೆ ಎಂದು ಬಾಯಲ್ಲಿ ಹೇಳಿದರಾಯಿತು.

ಶೇಕಡಾ ಹಾಕುವುದಾದರೆ ಮೊತ್ತದ ಪಕ್ಕದಲ್ಲಿ ಸಣ್ಣದಾಗಿ ಹಾಕಿ. ಬರೀ ಶೇಕಡಾ ಬೇಡ. ಇನ್ನೊಂದು ಸಂಗತಿ, 300 ಎಂದು ಕೇಳಿದ್ದರೆ ಸಾಲುಗಳನ್ನು ಕೂಡಿದಾಗಲೂ 300 ಬರಬೇಕು. ಹೇಳುವ ಅಗತ್ಯ ಇಲ್ಲ ಅನ್ನಿಸಬಹುದು. ಆದರೆ ಕೊನೇ ರಾತ್ರಿ ಮೊತ್ತ ಬದಲಾಯಿಸಿ ಒಂದು ಸಾಲು ತಿದ್ದಲು ಮರೆತ ಸ್ಲೈಡ್‌ಗಳು ಬೇಕಾದಷ್ಟು ಸಿಗುತ್ತವೆ.

## ಹಂತ 6: ಸ್ಲೈಡಿನ ಮಾತು

ತಲೆಬರಹದಲ್ಲಿ 'ಹಣದ ಬಳಕೆ' ಎಂದು ಬರೆಯುವುದರಿಂದ ಏನೂ ಸಿಗದು. ಅಲ್ಲೇ ವಿಷಯ ಹೇಳಿಬಿಡಿ: '300 ಲಕ್ಷ, 18 ತಿಂಗಳು: 25ರಿಂದ 70 ಗ್ರಾಹಕರಿಗೆ, ಫೌಂಡರ್‌ಗಳ ಕೈ ಇಲ್ಲದ ಮಾರಾಟ.' ಕೆಳಗೆ ಮೇಲಿನ ಪಟ್ಟಿ. ಅದರ ಕೆಳಗೆ ಒಂದು ಉದ್ದನೆ ಗೆರೆ ಎಳೆದು 5, 9, 15, 18ನೇ ತಿಂಗಳುಗಳನ್ನು ಗುರುತಿಸಿ. 5ರಲ್ಲಿ ಸಂಬಳದ ಮಾರಾಟಗಾರರ ಮೊದಲ ಗ್ರಾಹಕ, 9ರಲ್ಲಿ ದಾಸ್ತಾನು ಭಾಗ ಬಳಕೆಯಲ್ಲಿ, 15ರಲ್ಲಿ 70 ಗ್ರಾಹಕರು ಮತ್ತು ಮುಂದಿನ ರೌಂಡಿನ ಮಾತುಕತೆ, 18ರಲ್ಲಿ ಈ ಹಣದ ಅಂಚು. ಕೊನೆಗೆ ರನ್‌ವೇಯ ಆ ಒಂದು ಸಾಲು. ಇಷ್ಟೇ. ತಿಂಗಳವಾರು ಶೀಟ್ ಅನುಬಂಧದಲ್ಲಿರಲಿ, ಕೇಳಿದಾಗ ತೆರೆಯಿರಿ.

ಇಲ್ಲಿ ಬರೆಯಬಾರದ ಸಾಲುಗಳೂ ಇವೆ. ಫೌಂಡರ್‌ಗಳು ಕಂಪನಿಗೆ ಕೊಟ್ಟ ಸಾಲ ತೀರಿಸುವುದು, ಹಿಂದೆ ತೆಗೆದುಕೊಳ್ಳದೆ ಬಿಟ್ಟ ಸಂಬಳವನ್ನು ಈಗ ಒಟ್ಟಿಗೆ ಪಡೆಯುವುದು. ಹೊಸ ಹಣ ಹಳೇ ಗುಂಡಿ ಮುಚ್ಚಲು ಹೋಗುತ್ತದೆ ಅಂದರೆ ಯಾರಿಗೂ ಇಷ್ಟ ಆಗುವುದಿಲ್ಲ. ಬರೆಯಬಾರದು ಅಂದರೆ ಬಚ್ಚಿಡಿ ಎಂದಲ್ಲ, ಅಂಥ ಖರ್ಚೇ ಪ್ಲಾನಿನಲ್ಲಿ ಇರಬಾರದು. ಸಾಲವನ್ನು ಷೇರಾಗಿ ಬದಲಾಯಿಸುವುದೋ ಮುಂದೆ ಹಾಕುವುದೋ, ಮೊದಲೇ ತೀರ್ಮಾನಿಸಿ. ಕೊಡಲೇಬೇಕು ಅಂತಾದರೆ ಬೇರೆ ಸಾಲಾಗಿ ಹೆಸರಿಟ್ಟು ತೋರಿಸಿ. ಲೆಕ್ಕ ಪರಿಶೀಲನೆಯಲ್ಲಿ ಅದು ಹೊರಬಂದೇ ಬರುತ್ತದೆ. ಜೊತೆಗೆ, ಹಣವನ್ನು ಇಂಥದ್ದಕ್ಕೇ ಬಳಸಬೇಕು ಎಂಬ ಷರತ್ತನ್ನು ಹೂಡಿಕೆ ಒಪ್ಪಂದದಲ್ಲೇ ಬರೆಸಿಕೊಳ್ಳುವ ಹೂಡಿಕೆದಾರರೂ ಇದ್ದಾರೆ. ಸ್ಲೈಡಿನಲ್ಲಿ ಒಂದು ಹೇಳಿ ಕೈಯಲ್ಲಿ ಇನ್ನೊಂದು ಮಾಡಿದರೆ ಆಗ ಅದು ಒಪ್ಪಂದ ಮುರಿದ ಹಾಗೆ.

## ಹಂತ 7: ಉಳಿದ ಸ್ಲೈಡ್‌ಗಳ ಜೊತೆ ತಾಳೆ ಹಾಕಿ

ಡೆಕ್ ಮುಗಿದ ಮೇಲೆ ಈ ಸ್ಲೈಡನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆಲ್ಲವನ್ನೂ ಓದಿ. ಮಾರುಕಟ್ಟೆ ಸ್ಲೈಡಿನಲ್ಲಿ 'ಬಾಯಿಮಾತಿನಿಂದಲೇ ಗ್ರಾಹಕರು ಬರುತ್ತಾರೆ' ಎಂದಿದ್ದು, ಇಲ್ಲಿ ಮಾರ್ಕೆಟಿಂಗ್‌ಗೆ 30 ಲಕ್ಷ ಇದ್ದರೆ ಕೇಳುತ್ತಾರೆ. ತಂಡದ ಸ್ಲೈಡಿನಲ್ಲಿ 'ಪ್ರಾಡಕ್ಟ್ ಸಿದ್ಧ' ಎಂದಿದ್ದು, ಇಲ್ಲಿ ಅತಿ ದೊಡ್ಡ ಪಾಲು ಎಂಜಿನಿಯರಿಂಗ್‌ಗೆ ಹೋದರೆ ಅದನ್ನೂ ಕೇಳುತ್ತಾರೆ. ಮೂರು ವರ್ಷದ ಆದಾಯದ ಗ್ರಾಫ್ 15ನೇ ತಿಂಗಳಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಇಲ್ಲಿ 70 ಗ್ರಾಹಕರು ಅಂದರೆ ತಿಂಗಳಿಗೆ 9.8 ಲಕ್ಷ. ಗ್ರಾಫ್ 20 ಲಕ್ಷ ತೋರಿಸುತ್ತಿದ್ದರೆ ಎರಡರಲ್ಲಿ ಒಂದು ಸುಳ್ಳು.

## ಹಂತ 8: ಅರ್ಧಂಬರ್ಧ ಹಣ ಬಂದರೆ?

'300ರ ಬದಲು 200 ಸಿಕ್ಕರೆ ಏನು ಮಾಡುತ್ತೀರಿ?' ಈ ಪ್ರಶ್ನೆ ಬಾರದ ಮೀಟಿಂಗ್ ಕಡಿಮೆ. ಕೇಳುವವರಿಗೆ ನಿಮ್ಮ ಚೌಕಾಶಿ ಬೇಕಿಲ್ಲ, ಯಾವುದು ಮುಖ್ಯ ಎಂದು ನಿಮಗೆ ಗೊತ್ತಿದೆಯಾ ಅನ್ನುವುದು ಬೇಕು. 'ಎಲ್ಲವನ್ನೂ ಮೂರನೇ ಒಂದು ಭಾಗ ಕಡಿಮೆ ಮಾಡುತ್ತೇವೆ' ಎಂಬುದು ಅತ್ಯಂತ ಕೆಟ್ಟ ಉತ್ತರ. ಹಾಗೆ ಮಾಡಿದರೆ ಯಾವ ಕೆಲಸವೂ ಪೂರ್ತಿ ಆಗುವುದಿಲ್ಲ.

ನಮ್ಮ ಕಂಪನಿಯ ಉತ್ತರ ಹೀಗಿರಬಹುದು. ಸಾಬೀತು ಮಾಡಬೇಕಾದ್ದು ಫೌಂಡರ್ ಇಲ್ಲದ ಮಾರಾಟ. ಆದ್ದರಿಂದ ಮೊದಲ ಇಬ್ಬರು ಮಾರಾಟಗಾರರನ್ನು ಮುಟ್ಟುವುದಿಲ್ಲ. ಸಿಸ್ಟಮ್ ಹಾಕಿಕೊಡುವವರನ್ನೂ ಮುಟ್ಟುವುದಿಲ್ಲ, ಇಲ್ಲದಿದ್ದರೆ ಬಂದ ಗ್ರಾಹಕರು ಉಳಿಯುವುದಿಲ್ಲ. ಇಬ್ಬರು ಹೊಸ ಎಂಜಿನಿಯರ್‌ಗಳು ಬೇಡ, 45 ಉಳಿಯಿತು. ದಾಸ್ತಾನು ಭಾಗ ಮುಂದಿನ ರೌಂಡಿಗೆ ಹೋಗುತ್ತದೆ. ಮೂರನೇ ಮಾರಾಟಗಾರ ಬೇಡ, 11. ಸಪೋರ್ಟ್‌ನ ಹೊಸಬರು ಬೇಡ, 8. ಮಾರ್ಕೆಟಿಂಗ್ ಅರ್ಧ, 15. ಜನ ಕಡಿಮೆಯಾದ್ದರಿಂದ ಒಂದೇ ಸಲದ ಖರ್ಚು 15ರಿಂದ 8ಕ್ಕೆ, ಅಲ್ಲಿ 7. ಒಟ್ಟು 86 ಉಳಿತಾಯ. 272 ಇದ್ದದ್ದು 186 ಆಯಿತು, ಮೀಸಲು 14, ಒಟ್ಟು 200. ತಿಂಗಳು ಮಾತ್ರ 18 ಆಗಿಯೇ ಉಳಿಯಿತು.

ಗುರಿಯೂ ಇಳಿಯಬೇಕು, ಅದನ್ನೂ ಹೇಳಿ. ಇಬ್ಬರೇ ಮಾರಾಟಗಾರರು ಅಂದರೆ ಹಳೇ ಲೆಕ್ಕದಲ್ಲಿ 63 ಗ್ರಾಹಕರು. ಮಾರ್ಕೆಟಿಂಗ್ ಅರ್ಧ ಆಗಿರುವುದರಿಂದ, ದಾಸ್ತಾನು ಭಾಗ ಇಲ್ಲದ್ದರಿಂದ ಅಷ್ಟೂ ಆಗಲಿಕ್ಕಿಲ್ಲ, 50 ಎಂದು ಹೇಳುವುದು ಸರಿ. 50 ಗ್ರಾಹಕರಿಗೆ ಮುಂದಿನ ರೌಂಡ್ ಕಷ್ಟ ಅಂತ ನಿಮಗೇ ಅನ್ನಿಸಿದರೆ ಅದನ್ನೂ ಮುಚ್ಚಿಡಬೇಡಿ. 200ಕ್ಕೂ 70, 300ಕ್ಕೂ 70 ಎಂದುಬಿಟ್ಟರೆ ಆ ಇನ್ನೊಂದು ನೂರು ಯಾಕೆ ಬೇಕಿತ್ತು ಅನ್ನುವುದಕ್ಕೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: 'ಪ್ಲಾನ್ ನಡೆಯುತ್ತಿಲ್ಲ ಎಂದು ನಿಮಗೆ ಯಾವಾಗ ಗೊತ್ತಾಗುತ್ತದೆ, ಆಗ ಯಾವ ಖರ್ಚು ನಿಲ್ಲಿಸುತ್ತೀರಿ?' ಇದಕ್ಕೂ ಶೀಟ್ ಒಳಗೇ ಉತ್ತರ ಇದೆ. 7ನೇ ತಿಂಗಳ ಕೊನೆಗೆ ಮೊದಲ ಇಬ್ಬರು ಮಾರಾಟಗಾರರು 12 ಗ್ರಾಹಕರನ್ನು ತಂದಿರಬೇಕು. ಅರ್ಧವೂ ಬಾರದಿದ್ದರೆ 8ನೇ ತಿಂಗಳಲ್ಲಿ ಮೂರನೆಯವರನ್ನು ತೆಗೆದುಕೊಳ್ಳುವುದಿಲ್ಲ, ಮಾರ್ಕೆಟಿಂಗ್ ಅಷ್ಟಕ್ಕೇ ನಿಲ್ಲುತ್ತದೆ, ಮೊದಲಿನ ಇಬ್ಬರು ಯಾಕೆ ಮಾರಲಾಗುತ್ತಿಲ್ಲ ಎಂದು ಫೌಂಡರ್‌ಗಳೇ ಅವರ ಜೊತೆ ಗ್ರಾಹಕರ ಬಳಿ ಹೋಗಿ ನೋಡುತ್ತಾರೆ. ಈ ಸಾಲನ್ನು ಸ್ಲೈಡಿನಲ್ಲಿ ಬರೆಯುವುದು ಬೇಡ. ಶೀಟಿನಲ್ಲಿ 7ನೇ ತಿಂಗಳ ಕಾಲಂಗೆ ಒಂದು ಟಿಪ್ಪಣಿ ಹಾಕಿಟ್ಟುಕೊಳ್ಳಿ, ಕೇಳಿದಾಗ ಆ ಕಾಲಂ ತೋರಿಸಿ.